ಮೊದಲ ಪರದೆಯಲ್ಲೇ ರೈತನ ಲೆಕ್ಕ: ನಮ್ಮ ಡೆಮೊ ತಿರುವಿ ಹಾಕಿದ ಅನುಭವ

ಮಂಡ್ಯದ ಬೆಲ್ಲದ ಮಂಡಿಗಳಿಗೆ ನಾವು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮೊದಮೊದಲು ನನ್ನ ಡೆಮೊ ಲಾಗಿನ್‌ನಿಂದ ಶುರುವಾಗುತ್ತಿತ್ತು. ಆಮೇಲೆ ರೈತರ ಹೆಸರು ಸೇರಿಸುವುದು, ಖರೀದಿದಾರರ ಪಟ್ಟಿ, ಅಚ್ಚು, ಬಕೆಟ್, ಕುರಿಕಾಟು ಅಂತ ಬೆಲ್ಲದ ಬಗೆಗಳು. ರೈತನಿಗೆ ಕೊಡುವ ಲೆಕ್ಕದ ಚೀಟಿ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿರುತ್ತಿತ್ತು. ಒಂದು ಮಂಡಿಯಲ್ಲಿ ಯಜಮಾನರು ನಡುವೆಯೇ ತಡೆದರು: "ಇದೆಲ್ಲಾ ಸರಿ ಕಣಪ್ಪಾ, ರೈತನ್ಗೆ ಕೈಗೆಷ್ಟು ಕೊಡ್ಬೇಕು ಅನ್ನೋದು ಎಲ್ ಬರುತ್ತೆ?"

ಅವತ್ತು ರಾತ್ರಿ ಕೂತು ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದೆ. ಎಡಕ್ಕೆ ಸಾಫ್ಟ್‌ವೇರ್ ಏನು ಮಾಡುತ್ತದೆ, ಬಲಕ್ಕೆ ಅದರಿಂದ ಮಂಡಿಯವರಿಗೇನು. ಎಡಗಡೆ "ಮುಂಗಡದ ಖಾತೆ" ಅಂತ ಬರೆದು, "ಅದರಿಂದ ಏನಾಯ್ತು?" ಅಂತ ಕೇಳಿಕೊಂಡೆ. ಮುಂಗಡ ತಾನಾಗಿ ಕಳೆಯುತ್ತದೆ. ಅದರಿಂದ? ಹಳೇ ಪುಸ್ತಕ ಹುಡುಕಬೇಕಿಲ್ಲ. ಅದರಿಂದ? ಗಾಡಿ ಇಳಿಸಿದ ರೈತ ಕಾಯದೆ ಹಣ ಎಣಿಸಿಕೊಂಡು ಹೋಗುತ್ತಾನೆ. ದುಡ್ಡಿಗೋ ಹೊತ್ತಿಗೋ ಜಗಳಕ್ಕೋ ಬಂದು ಮುಟ್ಟುವವರೆಗೆ ಕೇಳುತ್ತಾ ಹೋದೆ. ಹಾಗೆ ಮುಟ್ಟದ ಸೌಲಭ್ಯಗಳನ್ನೆಲ್ಲ ಕೊನೆಗೆ ತಳ್ಳಿದೆ. ಪಾಸ್‌ವರ್ಡ್, ಬೆಲ್ಲದ ಬಗೆ ಸೇರಿಸುವುದು ಎಲ್ಲ ಅಲ್ಲಿಗೇ ಹೋದವು.

ಈಗ ಲ್ಯಾಪ್‌ಟಾಪ್ ತೆರೆದ ಕೂಡಲೇ ಕಾಣುವುದು ಒಂದು ಚೀಟಿ. 620 ಕೆ.ಜಿ. ಬೆಲ್ಲ, ಕ್ವಿಂಟಾಲ್‌ಗೆ 4,200, ಒಟ್ಟು 26,040. ಹಮಾಲಿ 240, ಮುಂಗಡ 10,000 ಕಳೆದು ಕೈಗೆ 15,800. ಇವು ಡೆಮೊಗಾಗಿ ನಾನೇ ಹಾಕಿಕೊಂಡ ಅಂಕಿಗಳು. "ಯಜಮಾನರೇ, ಇದು ರೈತರ ಕೈಗೆ ಹೋಗೋ ಚೀಟಿ" ಅಂತ ಹೇಳಿ ಸುಮ್ಮನಾಗುತ್ತೇನೆ. ಅವರು ಓದಿಕೊಳ್ಳಲಿ.

ಹೊಸ ಕ್ರಮದಲ್ಲಿ ಮೊದಲು ಎಡವಿದ್ದು ಇಲ್ಲೇ. ಚೀಟಿ ಆದ ಮೇಲೆ ನೇರ ಬಾಕಿ ವಸೂಲಿ ಪಟ್ಟಿಗೆ ಹಾರುತ್ತಿದ್ದೆ. ನೋಡುವವರ ಕಣ್ಣು ಮಾತ್ರ ಆ 10,000ದ ಮೇಲೆಯೇ ಇರುತ್ತಿತ್ತು, ಅದು ಬಂದದ್ದೆಲ್ಲಿಂದ ಅಂತ. ಲೆಕ್ಕದವರು ಮೂಲ ಕಾಣದ ಅಂಕಿಯನ್ನು ನಂಬುವುದಿಲ್ಲ, ನಂಬಲೂಬಾರದು. ಹಾಗಾಗಿ ಈಗ ಆ ಅಂಕಿಯನ್ನು ಒತ್ತಿ, 6,000 ಮತ್ತು 4,000 ಎರಡು ಸಲ ಮುಂಗಡ ಕೊಟ್ಟ ದಿನಾಂಕಗಳನ್ನು ತೆಗೆದು ತೋರಿಸುತ್ತೇನೆ. ವಿವರ ಅಂತ ಮೊದಲು ಬರುವುದು ಅದೊಂದೇ. ಬಾಕಿ ಪಟ್ಟಿ ಅದಾದ ಮೇಲೆ.

ಫಲ ಮೊದಲು ತೋರಿಸಬೇಕೆಂದರೆ ಒಳಗೆ ಲೆಕ್ಕ ತುಂಬಿರಲೇಬೇಕು. ಅದಕ್ಕೇ ಒಂದು ಮಾದರಿ ಬ್ಯಾಕಪ್ ಇಟ್ಟುಕೊಂಡಿದ್ದೇನೆ. ಪ್ರತಿ ಡೆಮೊಗೂ ಮುಂಚೆ ಅದನ್ನು ಹೊಸದಾಗಿ ಹಾಕಿ, ದಿನಾಂಕಗಳನ್ನು ಆ ವಾರಕ್ಕೆ ತರುತ್ತೇನೆ. ಒಮ್ಮೆ ಹಳೇ ತಿಂಗಳ ದಿನಾಂಕ ಉಳಿದು, ಬಾಕಿ ಪಟ್ಟಿಯಲ್ಲಿ ಎಲ್ಲರೂ ಗಡುವು ಮೀರಿದವರಾಗಿ ಕೆಂಪಗೆ ಬಂದುಬಿಟ್ಟಿದ್ದರು.

ಗುಮಾಸ್ತರಿಗೆ ಈ ಕ್ರಮ ಒಗ್ಗುವುದಿಲ್ಲ. ದಿನವಿಡೀ ಎಂಟ್ರಿ ಮಾಡುವವರು ಅವರು. ಎಷ್ಟು ಕೀ ಒತ್ತಬೇಕು, ತಪ್ಪಾದರೆ ತಿದ್ದುವುದು ಹೇಗೆ ಅನ್ನುವುದೇ ಅವರಿಗೆ ಮುಖ್ಯ. ಅವರ ಜೊತೆ ಬೇರೆ ಹೊತ್ತಿನಲ್ಲಿ ಕೂತು ಹಳೇ ಕ್ರಮದಲ್ಲೇ ಹೇಳಿಕೊಡುತ್ತೇನೆ. ಯಜಮಾನರು "ನಮ್ ಹಳೇ ಬಾಕಿ ಇದ್ರೊಳಗೆ ಹಾಕ್ಕೊಡ್ತೀರಾ?" ಅಂತ ಕೇಳಿದ ಕೂಡಲೇ ಡೆಮೊ ನಿಲ್ಲಿಸಿ, ಅವರ ಬಾಕಿ ಪುಸ್ತಕ ತರಿಸಿಕೊಳ್ಳುತ್ತೇನೆ.