ಶಾರ್ಟ್ ಮಾಡುವ ಮೊದಲು ಈ ಲೆಕ್ಕ ಒಮ್ಮೆ ನೋಡಿ

ಮೊನ್ನೆ ಮಲ್ಪೆಯಲ್ಲಿ ಮೀನು ತರಲು ಹೋದಾಗ ಗೆಳೆಯರೊಬ್ಬರು ಕೇಳಿದರು: "ಶೇರು ಶಾರ್ಟ್ ಮಾಡಿದರೆ ಹಾಕಿದ ದುಡ್ಡಷ್ಟೇ ಹೋಗುವುದಲ್ವಾ?" ಅಲ್ಲ ಮಾರಾಯ್ರೆ.

ಬೆಲೆ ಇಳಿಯುತ್ತದೆ ಎಂದು ಸಾಲದ ಶೇರು ಮಾರಿ, ಆಮೇಲೆ ಅಗ್ಗಕ್ಕೆ ಕೊಂಡು ವಾಪಸ್ ಕೊಡುವ ಲೆಕ್ಕಾಚಾರವೇ ಶಾರ್ಟ್. ಪಕ್ಕದ ಮನೆಯಿಂದ ಒಂದು ಮೂಟೆ ಅಡಿಕೆ ಸಾಲ ತಂದು ಮಾರಿದ ಹಾಗೆ ಇದು. ನಾಳೆ ರೇಟು ಎಷ್ಟೇ ಇರಲಿ, ಒಂದು ಮೂಟೆ ಅಡಿಕೆಯನ್ನೇ ವಾಪಸ್ ಕೊಡಬೇಕು.

ಒಂದು ಕಲ್ಪಿತ ಲೆಕ್ಕ ನೋಡಿ. 100 ಶೇರು ಸಾಲ ಪಡೆದು 500 ರೂಪಾಯಿಗೆ ಮಾರಿದಿರಿ. ಬಂದ 50,000 ನಿಮ್ಮ ಕೈಗೆ ಸಿಗುವುದಿಲ್ಲ, ಒತ್ತೆಯಾಗಿ ಇರುತ್ತದೆ. ಅದರ ಮೇಲೆ ನಿಮ್ಮದು 20,000 ಮಾರ್ಜಿನ್, ಅಂದರೆ ನಷ್ಟ ತುಂಬಲು ಬ್ರೋಕರ್ ಬಳಿ ಇಡುವ ಹಣ. ಬೆಲೆ 600 ಆಯಿತು. 10,000 ನಷ್ಟ, ಮಾರ್ಜಿನ್ ಅರ್ಧ ಖಾಲಿ. ಆಗ ಬ್ರೋಕರ್ ಇನ್ನಷ್ಟು ಹಣ ಹಾಕಿ ಎನ್ನುತ್ತಾರೆ. ಇದೇ ಮಾರ್ಜಿನ್ ಕಾಲ್. ಹಾಕದಿದ್ದರೆ ಅವರೇ ಶೇರು ಕೊಂಡು ಲೆಕ್ಕ ಮುಗಿಸಬಹುದು.

ರಾತ್ರಿ ಕಂಪನಿಯಿಂದ ಒಳ್ಳೆಯ ಸುದ್ದಿ ಬಂತು ಎನ್ನಿ. ಬೆಳಿಗ್ಗೆ ಬೆಲೆ ಜಿಗಿದು, ಅವರು ಕೊಂಡದ್ದು 750ಕ್ಕೆ. ನಷ್ಟ 25,000. ನಿಮ್ಮ 20,000 ಹೋಗಿ, ಇನ್ನೂ 5,000 ಬಾಕಿ. ಸಾಲದ ಶೇರಿನ ಶುಲ್ಕ ಬೇರೆ. ಬೆಲೆ 620 ಮುಟ್ಟಿದರೆ ಕೊಂಡು ಮುಗಿಸಿ ಎಂದು ಮೊದಲೇ ಸ್ಟಾಪ್ ಲಾಸ್ ಇಟ್ಟಿದ್ದರೂ, ನಡುವೆ ಆ ಬೆಲೆಯಲ್ಲಿ ಮಾರುವವರೇ ಇರಲಿಲ್ಲ.

ಶೇರು ಕೊಂಡರೆ ಬೆಲೆ ಸೊನ್ನೆಗಿಂತ ಕೆಳಗೆ ಹೋಗದು. ಮೇಲಕ್ಕೆ ಅಂಥ ಮಿತಿ ಇಲ್ಲ.

ಸಾಲ ಪಡೆಯದೆ ಇಂಟ್ರಾಡೇಯಲ್ಲಿ ಶಾರ್ಟ್ ಮಾಡುವವರು ಅದೇ ದಿನ ಕೊಂಡು ಮುಗಿಸಲೇಬೇಕು. ಶೇರು ಅಪ್ಪರ್ ಸರ್ಕ್ಯೂಟ್‌ಗೆ, ಅಂದರೆ ಆ ದಿನ ಏರಬಹುದಾದ ಗರಿಷ್ಠ ಬೆಲೆಗೆ, ಹೋಗಿ ನಿಂತರೆ ಮಾರುವವರು ಸಿಗುವುದಿಲ್ಲ. ಆಗ ಎಕ್ಸ್‌ಚೇಂಜ್ ಹರಾಜಿನಲ್ಲಿ ಶೇರು ತರುತ್ತದೆ, ಹೆಚ್ಚಿನ ಬೆಲೆ ನಿಮ್ಮ ತಲೆಗೆ. ಸಣ್ಣ ಕಂಪನಿ ಶೇರುಗಳಲ್ಲಿ ಇದು ಜಾಸ್ತಿ. ನಾನಂತೂ ಅವನ್ನು ಶಾರ್ಟ್ ಮಾಡುವುದೇ ಇಲ್ಲ.