ಮೂರನೆಯ ಪರಸಿ ಕಲ್ಲಿನ ‘ಬರ್ರಿ’

ಬಾಗಲಕೋಟೆಯ ನಮ್ಮ ಸೀರೆ ಅಂಗಡಿಗೆ ಹೊಸದಾಗಿ ಸೇರಿದ ಮೂವರು ಹುಡುಗರಿಗೆ ನಾನು ಮೊದಲು ಕಲಿಸಿದ್ದೇ ತಪ್ಪು ಪಾಠ. ಗಿರಾಕಿ ಬಾಗಿಲಿಗೆ ಬಂದ ಕೂಡಲೇ ‘ಬರ್ರಿ, ಏನ್ ತೋರಸ್ಲಿ?’ ಎನ್ನಬೇಕೆಂದು ಹೇಳಿದ್ದೆ. ಚಪ್ಪಲಿ ಬಿಡಲು ಬಗ್ಗಿದ ಹೆಂಗಸರ ತಲೆಯ ಮೇಲೆ ಮೂರು ದನಿಗಳು ಒಮ್ಮೆಲೇ ಬಿದ್ದಾಗ ಬರುತ್ತಿದ್ದ ಉತ್ತರ ಒಂದೇ: ‘ಸುಮ್ಮನ ನೋಡಾಕ ಬಂದೇವ್ರಿ.’ ಹಾಗೆಂದವರು ತಮ್ಮ ಮಾತಿಗೆ ತಾವೇ ಕಟ್ಟುಬಿದ್ದು, ಬೇಕಾದದ್ದನ್ನೂ ಕೇಳದೆ ಎರಡು ಸೀರೆ ಮುಟ್ಟಿ ನೋಡಿ ಇಳಿದುಹೋಗುತ್ತಿದ್ದರು.

ಆಮೇಲೆ ಸ್ವಾಗತವನ್ನೂ ಪ್ರಶ್ನೆಯನ್ನೂ ಬೇರೆ ಮಾಡಿದೆ. ಹೊಸ್ತಿಲಿನಿಂದ ಮೂರನೆಯ ಪರಸಿ ಕಲ್ಲಿಗೆ ಗಿರಾಕಿ ಬರುವವರೆಗೆ ಯಾರೂ ಮಾತಾಡಬಾರದು. ಅಷ್ಟರಲ್ಲಿ ಬಿಸಿಲಿನಿಂದ ಬಂದ ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಂಡಿರುತ್ತದೆ. ಅಲ್ಲಿ, ಹತ್ತಿರವಿರುವ ಒಬ್ಬನು ಮಾತ್ರ ಮುಖ ನೋಡಿ ‘ಬರ್ರಿ ಅಕ್ಕಾರ, ಕುಂದರ್ರಿ’ ಎಂದು ನೀರು ಕೊಡಬೇಕು. ಪ್ರಶ್ನೆ ಅವರು ಗಾದಿಯ ಮೇಲೆ ಕುಳಿತ ನಂತರ, ಅದೂ ‘ಎಷ್ಟರೊಳಗ?’ ಎಂದಲ್ಲ, ‘ದಿನಾ ಉಡಾಕೋ, ಕಾರ್ಯಕ್ಕೋ?’ ಎಂದು. ಕಾರ್ಯಕ್ಕೆ ಎಂದರೆ ಟೋಪ ತೆನಿ ಸೆರಗಿನ ರೇಷ್ಮೆಯ ಇಳಕಲ್ ಸೀರೆಗೆ, ದಿನಕ್ಕೆ ಎಂದರೆ ನೂಲಿನದಕ್ಕೆ ಹುಡುಗನ ಕೈ ಹೋಗುತ್ತದೆ.

ಕಲಿಸಲು ಹೆಚ್ಚು ದಿನ ಹಿಡಿದದ್ದು, ಒಬ್ಬರ ವ್ಯಾಪಾರ ನಡೆದಿರುವಾಗ ಇನ್ನೊಬ್ಬರು ಬಂದರೆ ಏನು ಮಾಡಬೇಕೆಂಬುದು. ಬಾಗಿಲು ತೆರೆಯುವ ಮುಂಚೆ ಹದಿನೈದು ನಿಮಿಷ ಒಬ್ಬನು ಗುಳೇದಗುಡ್ಡದ ಖಣ ಅಳೆಯುತ್ತಿದ್ದ, ನಾನು ಹೊರಗಿನಿಂದ ಗಿರಾಕಿಯಾಗಿ ಬರುತ್ತಿದ್ದೆ. ಮೊದಮೊದಲು ಅವನು ಅಳತೆ ತಪ್ಪೀತೆಂದು ತಲೆಯನ್ನೇ ಎತ್ತುತ್ತಿರಲಿಲ್ಲ, ಇಲ್ಲವೇ ಖಣವನ್ನು ಅಲ್ಲೇ ಬಿಟ್ಟು ನನ್ನ ಕಡೆಗೆ ಓಡಿ ಬರುತ್ತಿದ್ದ. ಎರಡನೆಯದು ಇನ್ನೂ ಕೆಟ್ಟದ್ದು, ಏಕೆಂದರೆ ಮುಂದೆ ಕುಳಿತವರಿಗೆ ತಮ್ಮನ್ನು ಬದಿಗೆ ಸರಿಸಿದಂತೆ ಅನಿಸುತ್ತದೆ. ಕೊನೆಗೆ ಹೀಗೆ ಗೊತ್ತುಮಾಡಿದೆವು: ಅಳತೆ ತಲುಪಿದ ಕಡೆ ಹೆಬ್ಬೆರಳು ಒತ್ತಿ ಹಿಡಿದು, ತಲೆ ಎತ್ತಿ, ‘ಕುಂದರ್ರಿ ಅಕ್ಕಾರ, ಇವರದ ಮುಗಿಸಿ ಬಂದೆ’ ಎನ್ನುವುದು. ಕೈ ಬಟ್ಟೆಯ ಮೇಲೆಯೇ ಇರುವುದರಿಂದ ಮೊದಲಿನವರಿಗೂ ಬೇಸರವಿಲ್ಲ.

ಸಂಬಂಧ ಊಹಿಸಬಾರದೆಂಬ ನಿಯಮ ಒಂದು ಅವಮಾನದಿಂದ ಬಂತು. ನಮ್ಮ ಹುಡುಗನೊಬ್ಬ ನರೆತ ಕೂದಲಿನ ಒಬ್ಬರಿಗೆ ‘ಮಗಳಿಗೇನ್ರಿ ಕಾಕಾರ?’ ಎಂದು ಕೇಳಿದ. ಪಕ್ಕದಲ್ಲಿದ್ದವರು ಅವರ ಹೆಂಡತಿ. ಇಬ್ಬರೂ ನೀರು ಮುಟ್ಟದೆ ಎದ್ದರು. ಅಂದಿನಿಂದ ಹೆಂಗಸರೆಲ್ಲ ‘ಅಕ್ಕಾರ’, ಗಂಡಸರೆಲ್ಲ ‘ಅಣ್ಣಾರ’. ತೀರ ವಯಸ್ಸಾದವರನ್ನು ‘ಆಯಿ’ ಎನ್ನಲು ನನಗೆ ಮಾತ್ರ ಅಧಿಕಾರ, ನನ್ನ ತಲೆಯೂ ಬೆಳ್ಳಗಾಗಿದೆಯಲ್ಲ.

ಲಗ್ನದ ದಿನಗಳಲ್ಲಿ ಒಂದೇ ಮನೆಯ ಹತ್ತು ಮಂದಿ ಒಟ್ಟಿಗೆ ನುಗ್ಗಿದಾಗ ಮೂರನೆಯ ಕಲ್ಲಿನ ಲೆಕ್ಕ ನಡೆಯುವುದಿಲ್ಲ. ಆಗ ಎಲ್ಲರಿಗೂ ಬೇರೆ ಬೇರೆ ‘ಬರ್ರಿ’ ಹೇಳಲು ಹೋಗದೆ, ಆ ಗುಂಪಿನ ಹಿರಿಯ ಹೆಂಗಸು ಯಾರೆಂದು ನೋಡಿ ಅವರಿಗೆ ಗೋಡೆಗೆ ಒರಗುವ ಜಾಗ ಬಿಡಿಸಿಕೊಡುತ್ತೇವೆ. ಉಳಿದವರು ತಾವಾಗಿಯೇ ಅವರ ಸುತ್ತ ಕೂರುತ್ತಾರೆ.