ಏಳನೇ ಅಧ್ಯಾಯ ನಾಲ್ಕಕ್ಕೆ ಬಂದ ರಾತ್ರಿ

ಮಹಾಪ್ರಬಂಧ ಸಲ್ಲಿಸಲು ಮರುದಿನ ಸಂಜೆ ನಾಲ್ಕು ಗಂಟೆವರೆಗೆ ಸಮಯ ಇತ್ತು. ಹಿಂದಿನ ಸಂಜೆ ಆರೂವರೆಗೆ ಮೇಡಂ ಫೋನ್ ಮಾಡಿದರು. ಅಲ್ಲಿಯವರೆಗೆ ಅವರು ಒಂದೊಂದೇ ಅಧ್ಯಾಯ ನೋಡಿ ಕೊಡುತ್ತಿದ್ದರು. ಆ ದಿನ ಮೊದಲ ಸಲ ಇಡೀ ಪ್ರಬಂಧವನ್ನು ಒಟ್ಟಿಗೆ ಓದಿದ್ದರು.

"ಬರೆದದ್ದರಲ್ಲಿ ತಪ್ಪಿಲ್ಲಮ್ಮ. ಆದರೆ ನಾಲ್ಕನೇ ಅಧ್ಯಾಯ ನನಗೆ ಅರ್ಥ ಆಗಿದ್ದು ಏಳನೆಯದು ಓದಿದ ಮೇಲೆ. ಪರೀಕ್ಷಕರು ಏಳರವರೆಗೆ ಕಾಯಲ್ಲ. ರಾತ್ರಿ ಏನಾದರೂ ಮಾಡೋಕಾಗುತ್ತಾ ನೋಡು."

ನನ್ನ ವಿಷಯ ಕೋಲಾರ ಜಿಲ್ಲೆಯ ಮೂರು ಊರುಗಳ ಕೆರೆ ಮತ್ತು ನೀರುಗಂಟಿ. ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವವನೇ ನೀರುಗಂಟಿ. ಒಂದು ಊರಲ್ಲಿ ಅವನು ಇನ್ನೂ ಕೆಲಸ ಮಾಡುತ್ತಾನೆ. ಇನ್ನೊಂದರಲ್ಲಿ ಸರದಿಯ ಜಗಳ ಹತ್ತಿ ಕೆಲಸ ಅರ್ಧಕ್ಕೆ ನಿಂತಿದೆ. ಮೂರನೆಯದರಲ್ಲಿ ಎಲ್ಲರೂ ಬೋರ್‌ವೆಲ್ ಹಾಕಿಸಿಕೊಂಡರು, ನೀರುಗಂಟಿಯನ್ನು ಕೇಳುವವರೇ ಇಲ್ಲ.

ನಾನು ಊರುಗಳಿಗೆ ಯಾವ ಕ್ರಮದಲ್ಲಿ ಹೋದೆನೋ ಅದೇ ಕ್ರಮದಲ್ಲಿ ಬರೆದಿದ್ದೆ. ನಾಲ್ಕನೇ ಅಧ್ಯಾಯ ಬೋರ್‌ವೆಲ್ ಊರು, ಐದು ಜಗಳದ ಊರು, ಆರು ನೀರುಗಂಟಿ ಉಳಿದಿರುವ ಊರು. ಏಳರಲ್ಲಿ ನೀರುಗಂಟಿಯ ಕೆಲಸ ಏನು, ಸರದಿ ಹೇಗೆ, ಸುಗ್ಗಿಯಲ್ಲಿ ಮನೆಮನೆಯಿಂದ ಅವನಿಗೆ ಕೊಡುವ ಕಾಳು ಎಷ್ಟು ಅಂತ ವಿವರಿಸಿದ್ದೆ. ಅಂದರೆ ಓದುವವರು ಮೊದಲು ನೀರುಗಂಟಿ ಇಲ್ಲದ ಊರನ್ನು ನೋಡುತ್ತಾರೆ. ಅವನು ಏನು ಮಾಡುತ್ತಿದ್ದ ಅಂತ ಗೊತ್ತಾಗುವುದು ಕೊನೆಯಲ್ಲಿ. ಮೂರು ವರ್ಷ ಆ ವಿಷಯದ ಒಳಗೇ ಇದ್ದ ನನಗೆ ಇದು ಕಂಡಿರಲಿಲ್ಲ.

ಮೊದಲು ಫೈಲಿನ ಪ್ರತಿ ಮಾಡಿ, ಹೆಸರಿನ ಕೊನೆಗೆ ಗಂಟೆ ಹಾಕಿದೆ. ಮೂಲ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಡ್ರಾಯರಿನಲ್ಲಿಟ್ಟೆ. ಏನೇ ಕೆಟ್ಟರೂ ಬೆಳಿಗ್ಗೆ ಅದನ್ನು ಸಲ್ಲಿಸಬಹುದು ಅನ್ನುವ ಧೈರ್ಯ ಬೇಕಿತ್ತು.

ಆಮೇಲೆ ಕಂಪ್ಯೂಟರ್ ಮುಚ್ಚಿದೆ. ಒಂದು ಬದಿ ಖಾಲಿ ಇದ್ದ ಹಳೇ ಪ್ರಿಂಟುಗಳನ್ನು ಹರಿದು ಚೀಟಿ ಮಾಡಿದೆ. ಪ್ರತಿ ಉಪಶೀರ್ಷಿಕೆಗೆ ಒಂದು ಚೀಟಿ, ಒಟ್ಟು ಮೂವತ್ತೆರಡು. ಪ್ರತಿ ಚೀಟಿಯಲ್ಲಿ ಎರಡೇ ಸಾಲು. "ಬೇಕು" ಅಂತ ಬರೆದು, ಈ ಭಾಗ ಓದಲು ಮೊದಲೇ ಏನು ಗೊತ್ತಿರಬೇಕು ಅಂತ ಹಾಕಿದೆ. "ಕೊಡುತ್ತದೆ" ಅಂತ ಬರೆದು, ಇದು ಹೊಸದಾಗಿ ಏನು ಹೇಳುತ್ತದೆ ಅಂತ ಹಾಕಿದೆ. ಹಾಸ್ಟೆಲ್ ರೂಮಿನ ನೆಲದ ಮೇಲೆ ಅವನ್ನು ಸಾಲಾಗಿ ಹಾಸಿದೆ. ಒಂದು ಚೀಟಿಯ "ಬೇಕು" ಅದಕ್ಕಿಂತ ಮುಂಚಿನ ಯಾವುದಾದರೂ ಚೀಟಿಯ "ಕೊಡುತ್ತದೆ"ಯಲ್ಲಿ ಇರಬೇಕು. ಇಲ್ಲದಿದ್ದರೆ ಆ ಚೀಟಿ ತಪ್ಪು ಜಾಗದಲ್ಲಿದೆ ಅಂತ ಅರ್ಥ.

ಎಲ್ಲವೂ ತಲೆಕೆಳಗಾಗಬಹುದು ಅಂತ ಹೆದರಿದ್ದೆ. ಹಾಗಾಗಲಿಲ್ಲ. ಹೆಚ್ಚಿನ ಚೀಟಿಗಳ "ಬೇಕು" ಏಳನೇ ಅಧ್ಯಾಯದ ಕಡೆಗೇ ಬೆರಳು ಮಾಡುತ್ತಿತ್ತು. ಏಳು ನಾಲ್ಕಕ್ಕೆ ಬಂದರೆ ಮುಕ್ಕಾಲು ಸಮಸ್ಯೆ ಮುಗಿಯುತ್ತಿತ್ತು. ಆಮೇಲೆ ಊರುಗಳ ಕ್ರಮ. ನೀರುಗಂಟಿ ಉಳಿದಿರುವ ಊರು ಮೊದಲು, ಬೋರ್‌ವೆಲ್ ಊರು ನಂತರ, ಕೊನೆಗೆ ಜಗಳದ ಊರು. ಜಗಳದ ಊರಿನ ಜನ ಬೋರ್‌ವೆಲ್ ಊರನ್ನೇ ತೋರಿಸಿ ಮಾತಾಡುತ್ತಾರೆ, ಹಾಗಾಗಿ ಅದು ಮೊದಲು ಬರಬೇಕಿತ್ತು. ಇವೆರಡಲ್ಲದೆ ಮೂರನೇ ಅಧ್ಯಾಯದಿಂದ ಒಂದೇ ಒಂದು ಭಾಗ ಏಳಬೇಕಿತ್ತು. ಅದು 3.4, ನೀರುಗಂಟಿಗೆ ಕೆಲಸಕ್ಕೆ ಬದಲಾಗಿ ಬಿಟ್ಟ ಇನಾಮು ಜಮೀನಿನ ಭಾಗ. ವಂಶಪಾರಂಪರ್ಯವಾಗಿ ಬಂದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಮೂರೂ ಊರಿನ ಹಿರಿಯರು "ಕಾಯ್ದೆ ಬಂದ ಮೇಲೆ" ಅಂತಲೇ ಮಾತು ಶುರು ಮಾಡುತ್ತಾರೆ. ಆ ವಿವರ ಊರುಗಳ ಪಕ್ಕದಲ್ಲೇ, ಹೊಸ ನಾಲ್ಕರ ಕೊನೆಯಲ್ಲಿ ಇರಬೇಕು ಅನ್ನಿಸಿತು.

ಇಷ್ಟು ಆಗುವಾಗ ಒಂಬತ್ತು ಗಂಟೆ. ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ಭಾಗಗಳನ್ನು ಸರಿಸುವುದು ಮಾತ್ರ, ಒಳಗಿನ ಬರಹ ಮುಟ್ಟುವಂತಿಲ್ಲ. ಹೊಸದಾಗಿ ಬರೆಯುವುದು ಪ್ರತಿ ಅಧ್ಯಾಯದ ಮೊದಲ ಮತ್ತು ಕೊನೆಯ ಪ್ಯಾರಾ ಅಷ್ಟೇ. ರಾತ್ರಿ ಎರಡು ಗಂಟೆಗೆ ವಾದ ತಿದ್ದಲು ಹೋದರೆ ಸರಿ ಇದ್ದದ್ದೂ ಕೆಡುತ್ತದೆ.

ವರ್ಡ್‌ನಲ್ಲಿ ಕಟ್ ಮಾಡಿ ಪೇಸ್ಟ್ ಮಾಡಲಿಲ್ಲ. View ಒಳಗಿನ Navigation Pane ತೆರೆದರೆ ಎಡಗಡೆ ಶೀರ್ಷಿಕೆಗಳ ಪಟ್ಟಿ ಬರುತ್ತದೆ. ಅಲ್ಲಿ ಅಧ್ಯಾಯದ ಹೆಸರನ್ನು ಹಿಡಿದು ಎಳೆದರೆ, ಅದರ ಉಪಶೀರ್ಷಿಕೆ, ಕೋಷ್ಟಕ, ಅಡಿಟಿಪ್ಪಣಿ ಎಲ್ಲವೂ ಜೊತೆಗೇ ಹೋಗುತ್ತವೆ. ಆದರೆ ಶೀರ್ಷಿಕೆಗಳಿಗೆ Heading ಶೈಲಿ ಹಾಕಿರಬೇಕು. ಸುಮ್ನೆ ದಪ್ಪಕ್ಷರ ಮಾಡಿದ್ದರೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ನನ್ನ ಐದನೇ ಅಧ್ಯಾಯದ ಕಥೆ ಅದೇ ಆಗಿತ್ತು. ಆ ಅಧ್ಯಾಯದ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ. ನೋಡದೆ ನಾಲ್ಕನ್ನು ಎಳೆದಿದ್ದರೆ ಐದು ಅದರ ಬಾಲದಂತೆ ಜೊತೆಗೆ ಬಂದುಬಿಡುತ್ತಿತ್ತು. ಮೊದಲು ಅದರ ಶೀರ್ಷಿಕೆಗಳನ್ನು ಸರಿ ಮಾಡಿ, ಆಮೇಲೆ ಎಳೆದೆ. ಸರಿಸುವ ಕೆಲಸಕ್ಕೆ ಹಿಡಿದದ್ದು ಹತ್ತೇ ನಿಮಿಷ.

ರಾತ್ರಿಯೆಲ್ಲ ಹೋದದ್ದು ಸರಿಸಿದ ಮೇಲಿನ ಕೆಲಸಕ್ಕೆ.

ಕೋಷ್ಟಕಗಳ ಸಂಖ್ಯೆ ಕಷ್ಟ ಕೊಡಲಿಲ್ಲ. ಅವನ್ನು Insert Caption ಮೂಲಕ ಹಾಕಿದ್ದೆ. Ctrl+A ಒತ್ತಿ F9 ಒತ್ತಿದೆ, ಹೊಸ ಕ್ರಮಕ್ಕೆ ಸಂಖ್ಯೆ ಬದಲಾಯಿತು. ಪರಿವಿಡಿ ಕೇಳಿದಾಗ ಮಾತ್ರ ಅವಸರದಲ್ಲಿ Update page numbers only ಆರಿಸಿದೆ. ಪುಟ ಸಂಖ್ಯೆ ಬದಲಾದವು, ಅಧ್ಯಾಯಗಳು ಹಳೇ ಕ್ರಮದಲ್ಲೇ ನಿಂತವು. ಕ್ರಮ ಬದಲಿಸಿದಾಗ Update entire table ಆರಿಸಬೇಕು.

ಕೈಯಿಂದ ಬರೆದ ಮಾತುಗಳು ಹಾಗೆ ಬದಲಾಗುವುದಿಲ್ಲ ಅಲ್ವಾ? "ಹಿಂದಿನ ಅಧ್ಯಾಯದಲ್ಲಿ", "ಮುಂದೆ ನೋಡೋಣ", "ಈಗಾಗಲೇ ಹೇಳಿದಂತೆ", "ಮೇಲೆ ಕಂಡ ಹಾಗೆ". ಇವನ್ನೆಲ್ಲ Ctrl+F ಹಾಕಿ ಒಂದೊಂದಾಗಿ ಹುಡುಕಿದೆ. ಎಲ್ಲಿ ಸಾಧ್ಯವೋ ಅಲ್ಲಿ "ಹಿಂದಿನ", "ಮುಂದಿನ" ತೆಗೆದು ಅಧ್ಯಾಯದ ಸಂಖ್ಯೆಯನ್ನೇ ಹಾಕಿದೆ.

ವಿಚಿತ್ರ ಅಂದರೆ, ಬೋರ್‌ವೆಲ್ ಊರಿನ ಅಧ್ಯಾಯದಲ್ಲಿ "ಅಧ್ಯಾಯ" ಅನ್ನುವ ಪದ ಒಂದು ಸಲವೂ ಸಿಗಲಿಲ್ಲ. ಕಣ್ಣೆದುರಿಗೇ ಇತ್ತು, ಹುಡುಕಿದರೆ ಇಲ್ಲ! ಆಗ ನೆನಪಾಯಿತು. ಆ ಅಧ್ಯಾಯವನ್ನು ಹೊರಗೆ ಟೈಪ್ ಮಾಡಿಸಿದ್ದೆ. ಅದು ಹಳೇ ನುಡಿ ಫಾಂಟಿನಲ್ಲಿತ್ತು, ಯೂನಿಕೋಡ್ ಅಲ್ಲ. ಪರದೆ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಪರಿವರ್ತಕಕ್ಕೆ ಹಾಕೋಣ ಅಂದುಕೊಂಡೆ. ಆದರೆ ನಡುನಡುವೆ ಇಂಗ್ಲಿಷಿನಲ್ಲೇ ಇದ್ದ ಪದಗಳೂ ಪರಿವರ್ತನೆಯಾಗಿ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ. ಅದನ್ನೆಲ್ಲ ತಿದ್ದುವಷ್ಟು ಹೊತ್ತು ಇರಲಿಲ್ಲ. ಹಾಗಾಗಿ ಆ ಅಧ್ಯಾಯದಿಂದಲೇ "ಅಧ್ಯಾಯ" ಪದವನ್ನು ಕಾಪಿ ಮಾಡಿ ಹುಡುಕುವ ಪೆಟ್ಟಿಗೆಗೆ ಹಾಕಿದೆ. ಅಲ್ಲಿ ಹೀಗೆ ಕಂಡಿತು:

```
CzsÁåAiÀÄ
```

ಓದಲು ಬರುವುದಿಲ್ಲ, ಆದರೆ ಎಲ್ಲ ಜಾಗವೂ ಸಿಕ್ಕಿತು. "ಹಿಂದಿನ", "ಮುಂದೆ", "ಈಗಾಗಲೇ" ಪದಗಳನ್ನೂ ಹೀಗೇ ಹುಡುಕಿದೆ.

ಒಂದು ಗಂಟೆ ಹೊತ್ತಿಗೆ ಎಲ್ಲ ಸರಿಹೋಯಿತು ಅಂತ ನಂಬಿದ್ದೆ. ಸುಮ್ನೆ ಒಂದು ಸಲ ನೋಡೋಣ ಅಂತ ಸರಿಸಿದ ಇನಾಮಿನ ಭಾಗ ತೆರೆದೆ. ಮೊದಲ ಅಡಿಟಿಪ್ಪಣಿಯಲ್ಲಿ "ಅದೇ" ಅಂತಿತ್ತು. ಎದೆ ಧಸಕ್ ಅಂದಿತು.

ನಾವು ಒಂದೇ ಆಕರವನ್ನು ಬೆನ್ನುಬೆನ್ನಿಗೆ ಹೇಳುವಾಗ "ಅದೇ, ಪು." ಅಂತ ಹಾಕುತ್ತೇವೆ. ಅದು ಹಿಂದಿನ ಟಿಪ್ಪಣಿಯನ್ನು ನಂಬಿ ನಿಂತಿರುತ್ತದೆ. ಮೂರನೇ ಅಧ್ಯಾಯದಲ್ಲಿ ಆ "ಅದೇ" ಅಂದರೆ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ, ಕೋಲಾರ ಜಿಲ್ಲೆಯ ಶಾಸನಗಳದ್ದು. ಹೊಸ ಜಾಗದಲ್ಲಿ ಅದರ ಹಿಂದಿನ ಟಿಪ್ಪಣಿ ಒಬ್ಬ ಹಿರಿಯರ ಸಂದರ್ಶನ. ಶಾಸನದ ಮಾತು ಅವರ ಬಾಯಿಗೆ ಬಂದಂತಾಗಿತ್ತು. ಮೂರನೇ ಅಧ್ಯಾಯಕ್ಕೆ ಹೋಗಿ ನೋಡಿದರೆ ಅಲ್ಲೂ ಪೆಟ್ಟು. 3.4 ಎದ್ದು ಹೋದ ಮೇಲೆ ಅದರ ನಂತರದ ಭಾಗವೂ "ಅದೇ" ಅಂತಲೇ ಶುರುವಾಗಿತ್ತು. ಅದು ಜಿಲ್ಲಾ ಗೆಜೆಟಿಯರ್ ಅನ್ನು ಹೇಳಬೇಕು. ಈಗ ಶಾಸನ ಸಂಪುಟವನ್ನು ಹೇಳುತ್ತಿತ್ತು.

ಇಂಥ ತಪ್ಪಿಗೆ ಯಾವ ಕೆಂಪು ಗೆರೆಯೂ ಬರುವುದಿಲ್ಲ. ಟಿಪ್ಪಣಿಯ ಸಂಖ್ಯೆಗಳು ತಾವಾಗಿಯೇ ಸರಿಯಾಗಿರುತ್ತವೆ, ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಾಣದೇ ಇರುವುದಕ್ಕೇ ನನಗೆ ಜಾಸ್ತಿ ಹೆದರಿಕೆಯಾಯಿತು. ಆಕರ ತಪ್ಪಿದರೆ ಪ್ರಬಂಧದಲ್ಲಿ ಸುಳ್ಳು ಹೇಳಿದಂತೆಯೇ.

ಎಲ್ಲ ಟಿಪ್ಪಣಿ ನೋಡಲು ಹೊತ್ತಿರಲಿಲ್ಲ. ಕುಳಿತು ಯೋಚಿಸಿದೆ. ಒಂದು ಭಾಗವನ್ನು ಸರಿಸಿದರೆ ಅದರೊಳಗಿನ ಟಿಪ್ಪಣಿಗಳ ಸರಪಳಿ ಕೆಡುವುದಿಲ್ಲ, ಅವು ಒಟ್ಟಿಗೇ ಹೋಗಿವೆ. ಕೆಡುವುದು ಹೊಲಿಗೆ ಬಿದ್ದ ಜಾಗಗಳಲ್ಲಿ ಮಾತ್ರ. ಅಂಥ ಜಾಗ ಮೂರು. ಸರಿಸಿದ ಭಾಗದ ಮೊದಲ ಟಿಪ್ಪಣಿ, ಅದರ ಕೊನೆಗೆ ಅಂಟಿಕೊಂಡ ಹೊಸ ನೆರೆಯ ಮೊದಲ ಟಿಪ್ಪಣಿ, ಅದು ಬಿಟ್ಟು ಬಂದ ಜಾಗದ ಮುಂದಿನ ಟಿಪ್ಪಣಿ. ಪ್ರತಿ ಹೊಲಿಗೆಯಲ್ಲೂ ಹಳೇ ಫೈಲು ಪಕ್ಕಕ್ಕಿಟ್ಟು ನೋಡಿದೆ. "ಅದೇ" ಇದ್ದಲ್ಲಿ ಆಕರದ ಪೂರ್ತಿ ಹೆಸರು ಬರೆದೆ. ಐದು ಕಡೆ ತಪ್ಪು ಸಿಕ್ಕಿತು.

ಮೂರು ಗಂಟೆಗೆ ರೂಮಿನ ಹುಡುಗಿ ಎದ್ದಳು. ಅವಳು ಸಸ್ಯಶಾಸ್ತ್ರದವಳು, ಉಡುಪಿ ಕಡೆಯವಳು. ನಾನು ಹೊಸ ನಾಲ್ಕು ಮತ್ತು ಐದನೇ ಅಧ್ಯಾಯಗಳನ್ನು ಗಟ್ಟಿಯಾಗಿ ಓದುತ್ತೇನೆ, ಅರ್ಥ ಆಗದೇ ಇದ್ದಲ್ಲಿ ನಿಲ್ಲಿಸು ಅಂದೆ. ಎರಡು ಸಲ ನಿಲ್ಲಿಸಿದಳು.

"ಅಕ್ಕಾ, ಕೋಡಿ ಬಿತ್ತು ಅಂದ್ರೆ ಏನು? ಕೆರೆ ಒಡೀತಾ?"

ಕೆರೆ ತುಂಬಿ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗವೇ ಕೋಡಿ. ಕೋಡಿ ಬಿತ್ತು ಅಂದರೆ ಕೆರೆ ತುಂಬಿತು ಅಂತ, ಊರಿಗೆ ಸಂಭ್ರಮ. ಆ ವಿವರಣೆ ಬೋರ್‌ವೆಲ್ ಊರಿನ ಅಧ್ಯಾಯದಲ್ಲಿ ಉಳಿದುಬಿಟ್ಟಿತ್ತು, ಮೊದಲು ಅದೇ ನಾಲ್ಕನೆಯದಾಗಿತ್ತಲ್ಲ. ಆ ಎರಡು ಸಾಲನ್ನು ಹೊಸ ನಾಲ್ಕಕ್ಕೆ ತಂದೆ. ಇನ್ನೊಂದು ಪದ ರಾಜಕಾಲುವೆ, ಅದಕ್ಕೂ ಹಾಗೇ ಮಾಡಿದೆ. ನನ್ನ ಚೀಟಿಗಳು ದೊಡ್ಡ ವಿಷಯಗಳನ್ನು ಹಿಡಿದಿದ್ದವು. ಪದಗಳ ಮಟ್ಟದಲ್ಲಿ ಹಿಡಿಯಲು ಕೆರೆ ಊರು ನೋಡದ ಒಬ್ಬರ ಕಿವಿಯೇ ಬೇಕಾಯಿತು.

ಐದೂವರೆಗೆ ಪೀಠಿಕೆ ತೆರೆದೆ. "ಈ ಪ್ರಬಂಧದ ನಾಲ್ಕನೇ ಅಧ್ಯಾಯವು..." ಅನ್ನುವ ಒಂದು ಪುಟ ಇತ್ತು. ಅದು ಇನ್ನೂ ಹಳೇ ಪ್ರಬಂಧವನ್ನೇ ಹೇಳುತ್ತಿತ್ತು. ಅದನ್ನು ಪೂರ್ತಿ ಹೊಸದಾಗಿ ಬರೆದೆ. ರಾತ್ರಿಯಲ್ಲಿ ಬರೆದದ್ದರಲ್ಲಿ ಅದೇ ಸುಲಭವಾಗಿ ಬಂತು. ಯಾವುದು ಏಕೆ ಎಲ್ಲಿದೆ ಅಂತ ಆಗ ನನಗೆ ಗೊತ್ತಿತ್ತು.

ಹತ್ತು ಗಂಟೆಗೆ ಗ್ರಂಥಾಲಯಕ್ಕೆ ಹೋಗಿ ಹೊಸ ಫೈಲಿಗೆ ಸಾಮ್ಯತೆ ಪರೀಕ್ಷೆ ಮಾಡಿಸಿದೆ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಅಧ್ಯಾಯಕ್ಕೊಂದರಂತೆ ಮಾಡಿಟ್ಟಿದ್ದ ಪಿಡಿಎಫ್‌ಗಳನ್ನೂ ಅಳಿಸಿ ಮತ್ತೆ ಮಾಡಿದೆ, ಹಳೇ ಸಂಖ್ಯೆಯವು ಸೇರಿಹೋಗಬಾರದಲ್ಲ. ಹನ್ನೊಂದೂವರೆಗೆ ಬೈಂಡಿಂಗ್ ಅಂಗಡಿ. ನಾಲ್ಕು ಪ್ರತಿ, ಕಪ್ಪು ರಟ್ಟು, ಬಂಗಾರದ ಅಕ್ಷರ. ಅಂಟು ಒಣಗುವವರೆಗೂ ಅಲ್ಲೇ ಬೆಂಚಿನ ಮೇಲೆ ನಿದ್ದೆ ಮಾಡಿದೆ. ಮೂರೂಕಾಲಿಗೆ ಕಚೇರಿಯಲ್ಲಿ ಸೀಲು ಬಿತ್ತು.

ಸಂಜೆ ಮೇಡಂಗೆ ಒಂದು ಪ್ರತಿ ಕೊಟ್ಟೆ. ಅವರು ನಿಂತಲ್ಲೇ ನಾಲ್ಕನೇ ಅಧ್ಯಾಯ ತೆರೆದು ಎರಡು ಪುಟ ಓದಿದರು. ಆಮೇಲೆ ಇನಾಮಿನ ಭಾಗಕ್ಕೆ ಹೋಗಿ, ಬೆರಳಿಟ್ಟು ಮೊದಲ ಅಡಿಟಿಪ್ಪಣಿ ನೋಡಿದರು.

"ಇದನ್ನೇ ಕೇಳೋಣ ಅಂತಿದ್ದೆ" ಅಂದರು.